ಫೋಟೋದ ಕೆಳಗಿನ ಎರಡು ಸಾಲು

ಅಂಜನಾಪುರದ ನಮ್ಮ ಕೇರಿಯ ಮನೆಮನೆಯಲ್ಲೂ ಬಾಬಾಸಾಹೇಬರ ಫೋಟೋ ಇದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಹೂವಿನ ಹಾರವಿದೆ, ಊದುಬತ್ತಿಯ ಹೊಗೆಯೂ ಇದೆ. ಹೆಸರು ಮಾತ್ರ ಇಲ್ಲ. ಭವನದ ದೊಡ್ಡ ಫೋಟೋಕ್ಕಾದರೂ ಹೆಸರು, ತಾರೀಖು ಬರೆಯೋಣ ಅಂತ ನಾವು ಹೊರಟಾಗ ಕೇರಿಯ ಅಜ್ಜಿಯೊಬ್ಬರು ಕೇಳಿದರು: 'ದೇವ್ರ ಫೋಟೋಕ್ಕೆ ತಾರೀಖು ಯಾರ್ ಬರೀತಾರೋ ಮಗಾ?'

ಆ ಪ್ರಶ್ನೆಯಲ್ಲೇ ಚರಿತ್ರೆ ಇದೆ. ದೇವರಿಗೆ ಹುಟ್ಟಿಲ್ಲ, ಸಾವಿಲ್ಲ. ತಾರೀಖು ಇಲ್ಲದ ಫೋಟೋ ಮೆಲ್ಲಗೆ ದೇವರ ಗೂಡಿಗೆ ಸೇರುತ್ತದೆ. ಕೈ ಮುಗಿಯುವವರು ಇರುತ್ತಾರೆ, ಓದುವವರು ಇರುವುದಿಲ್ಲ.

ನಮ್ಮ ಶಿಕಾರಿಪುರ ತಾಲ್ಲೂಕಿನದೇ ಊರು ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಕಾಲದ ಕಂಬವೊಂದು ನಿಂತಿದೆ. ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಅಂತ ಅದರಲ್ಲಿದೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಆ ಪದ್ಯ ಬರೆದ ಕವಿ ಕುಬ್ಜ ತನ್ನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿಕೊಂಡ. ಕಟ್ಟಿಸಿದವನ ಹೆಸರಿದೆ, ಬರೆದವನ ಹೆಸರಿದೆ. ಮಣ್ಣು ಅಗೆದು ಹೊತ್ತವರ ಹೆಸರು ಒಂದೂ ಇಲ್ಲ. ಹೆಸರು ಯಾರಿಗೆ ಸಲ್ಲುತ್ತದೆ ಅನ್ನೋದನ್ನ ಆ ಕಲ್ಲು 1500 ವರ್ಷದಿಂದ ಹೇಳುತ್ತಲೇ ಬಂದಿದೆ. ಅದಕ್ಕೇ ನಮ್ಮ ಗೋಡೆಯ ಮೇಲಿನ ಎರಡು ಸಾಲನ್ನು ನಾವು ಸಣ್ಣದೆಂದು ತಿಳಿಯಲಿಲ್ಲ.

ಮೊದಲು ಹೆಸರಿನ ಪ್ರಶ್ನೆ ಬಂತು. 'ಬಿ.ಆರ್.' ಅಂತ ಬರೆದರೆ ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಅಕ್ಷರ ಕೂತಂತೆ. ಅದರೊಳಗೆ ಅಪ್ಪ ಸುಬೇದಾರ್ ರಾಮಜಿಯ ಹೆಸರು ಮುಚ್ಚಿಹೋಗುತ್ತದೆ. ಆದ್ದರಿಂದ 'ಭೀಮರಾವ್ ರಾಮಜಿ ಅಂಬೇಡ್ಕರ್' ಅಂತ ಪೂರ್ತಿ ಬರೆಯೋದೆಂದು ತೀರ್ಮಾನಿಸಿದೆವು. ಕೆಳಗೆ '೧೪-೪-೧೮೯೧ ರಿಂದ ೬-೧೨-೧೯೫೬'.

ಫೋಟೋದ ಗಾಜಿನ ಮೇಲೆ ಬರೆಯಲಿಲ್ಲ. 18 ಅಂಗುಲ ಉದ್ದ, 4 ಅಂಗುಲ ಅಗಲದ ತಗಡಿಗೆ ಬಿಳಿ ಎನಾಮಲ್ ಬಣ್ಣ ಎರಡು ಸಲ ಹೊಡೆದು ಒಣಗಿಸಿದೆವು. ಮೊದಲ ಸಲ ತಪ್ಪಿದ್ದು ಇಲ್ಲೇ. ಎರಡು ಗೆರೆ ಹತ್ತಿರ ಹತ್ತಿರ ಎಳೆದು, ಇಂಗ್ಲಿಷ್ ಬೋರ್ಡು ಬರೆದ ಹಾಗೆ ಬರೆದುಬಿಟ್ಟೆವು. 'ಡ್ಕ'ದ ಒತ್ತು ಕೆಳಗಿಳಿದು ಇಸವಿಯ ತಲೆಗೆ ಗುದ್ದಿತು. ಕನ್ನಡ ಅಕ್ಷರ ಗೆರೆಯ ಮೇಲಷ್ಟೇ ಕೂರುವುದಿಲ್ಲ. ಒತ್ತು ಕೆಳಗೆ ಜಾಗ ಕೇಳುತ್ತದೆ, 'ವ್', 'ರ್'ಗಳ ಕೊಂಬು ಮೇಲೆ ಜಾಗ ಕೇಳುತ್ತದೆ.

ತಗಡು ಒರೆಸಿ ಮತ್ತೆ ಲೆಕ್ಕ ಹಾಕಿದೆವು. ಮೇಲೆ ಮುಕ್ಕಾಲು ಅಂಗುಲ ಖಾಲಿ, ಹೆಸರಿಗೆ 1 ಅಂಗುಲ, ಒತ್ತಿಗೆ ಅರ್ಧ, ನಡುವೆ ಕಾಲು, ತಾರೀಖಿಗೆ ಮುಕ್ಕಾಲು, ಕೆಳಗೆ ಮುಕ್ಕಾಲು. ಒಟ್ಟು 4. ಅಕ್ಷರ ಎಣಿಸಿ ನಡು ಹುಡುಕಿದರೆ ಸಾಲು ವಾಲುತ್ತದೆ, ಯಾಕಂದ್ರೆ 'ಭೀ', 'ಮ' ಅಗಲ ಹಿಡಿಯುತ್ತವೆ. ಹಾಗಾಗಿ ಹೆಸರನ್ನು ಮೊದಲು ಕಾಗದದ ಮೇಲೆ ಅದೇ ಅಳತೆಯಲ್ಲಿ ಬರೆದು, ಮೊದಲ ಅಕ್ಷರದ ಅಂಚಿಗೂ ಕೊನೆಯದರ ಅಂಚಿಗೂ ಸರಿಯಾಗಿ ಕಾಗದ ಕತ್ತರಿಸಿ, ಎರಡಾಗಿ ಮಡಚಿದೆವು. ಮಡಿಕೆಯನ್ನು ತಗಡಿನ ನಡುಗೆರೆಗೆ ಹೊಂದಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ಕಪ್ಪು ಬಣ್ಣದ ಕುಂಚ ಹಿಡಿದೆವು.

ಇನ್ನೆರಡು ಕಡೆ ಎಚ್ಚರ ಬೇಕಾಯಿತು. 'ಬೇ'ಯ ದೀರ್ಘ ಬಿಟ್ಟರೆ 'ಅಂಬೆಡ್ಕರ್' ಆಗುತ್ತದೆ. ಎಷ್ಟೋ ಗೋಡೆಗಳಲ್ಲಿ ಹಾಗೇ ಇದೆ. ಕನ್ನಡದ ೯ ಮತ್ತು ೬ ಕೈ ತಪ್ಪಿದರೆ ಅದಲು ಬದಲು. ೧೯೫೬ ಹೋಗಿ ೧೬೫೯ ಆದರೆ ಬಾಬಾಸಾಹೇಬರು ಹುಟ್ಟುವ ಮೊದಲೇ ಸತ್ತ ಹಾಗೆ. ಬರೆದವರೇ ಓದಿದರೆ ಈ ತಪ್ಪು ಕಾಣುವುದಿಲ್ಲ. ಅದಕ್ಕೆ ಶಾಲೆಗೆ ಹೋಗುವ ಹುಡುಗಿಯೊಬ್ಬಳನ್ನು ಕರೆದು ಗಟ್ಟಿಯಾಗಿ ಓದಿಸಿದೆವು. ಕನ್ನಡ ಅಂಕಿಗೆ ಅವಳು ಒಂದು ಗಳಿಗೆ ತಡವರಿಸಿದಳು. ಆಮೇಲೆ ಓದಿ, ತಾನಾಗೇ ಬೆರಳು ಮಡಚಿ ಲೆಕ್ಕ ಹಾಕಿ, 'ಅರವತ್ತೈದು ವರ್ಷ ಬದುಕಿದ್ರು' ಅಂದಳು.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. 'ಅರವತ್ತೈದೇನಾ? ಇಷ್ಟೆಲ್ಲ ಮಾಡಾಕೆ ಅಷ್ಟೇ ವರ್ಷ ಸಿಕ್ಕಿದ್ದಾ?' ಅಂದರು. ದೇವರ ವಯಸ್ಸನ್ನು ಯಾರೂ ಹಾಗೆ ಕೇಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: 'ನಮ್ಮಪ್ಪಂದು ಯಾವ ಇಸ್ವಿನೋ ಯಾರೂ ಬರ್ದಿಡ್ಲಿಲ್ಲ ಕಣೋ.'

ಉಳಿದ ಬಣ್ಣವನ್ನು ನಾವು ಮುಚ್ಚಿಟ್ಟಿದ್ದೇವೆ. ಕೇರಿಯ ಹಿರಿಯರ ಹೆಸರು, ಇಸವಿ ಕೇಳಿ ಒಂದು ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದೇವೆ.