ಕುರಿ ಕಾಯುವ ನಾಯಿಯ ಹೆಸರು: ವ್ಯಂಜನ, ಸ್ವರ, ದೂರ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಕುರಿ ಕಾಯುವ ಬಾರ್ಡರ್ ಕೋಲಿ ನಾಯಿಗಳ ವಂಶಾವಳಿಯಲ್ಲಿ ರಾಯ್, ಮೆಗ್, ನೆಲ್, ಕ್ಯಾಪ್, ಮಾಸ್ ಎಂಬ ಗಿಡ್ಡ ಹೆಸರುಗಳೇ ಮತ್ತೆ ಮತ್ತೆ ಸಿಗುತ್ತವೆ. ಈ ತಳಿಯ ಮೂಲಪುರುಷನೆಂದು ಗಣಿಸಲಾಗುವ, 1893ರಲ್ಲಿ ಹುಟ್ಟಿದ ಹೆಂಪ್‌ನ ತಂದೆ ರಾಯ್, ತಾಯಿ ಮೆಗ್. ಹೆಸರು ಗಿಡ್ಡವಾಗಿರುವುದು ಬರೀ ರೂಢಿಯಲ್ಲ, ಕೆಲಸದ ಅಗತ್ಯ.

ಕುರಿಗಾಹಿ ಕೂಗುವ ಆಜ್ಞೆಗಳು ಕೆಲವೇ. 'ಕಮ್ ಬೈ' ಎಂದರೆ ನಾಯಿ ಗಡಿಯಾರದ ಮುಳ್ಳಿನಂತೆ ಎಡದಿಂದ ಮಂದೆಯನ್ನು ಸುತ್ತಬೇಕು. 'ಅವೇ' ಎಂದರೆ ಬಲದಿಂದ. 'ಲೈ ಡೌನ್' ಎಂದರೆ ಮಲಗಬೇಕು. ಇವುಗಳ ನಡುವೆ ಹೆಸರು ಪ್ರತ್ಯೇಕವಾಗಿ ಕಿವಿಗೆ ಬೀಳಬೇಕು.

1965ರಲ್ಲಿ ಅಂತರರಾಷ್ಟ್ರೀಯ ಸುಪ್ರೀಂ ಚಾಂಪಿಯನ್ ಆದ ವಿಸ್ಟನ್ ಕ್ಯಾಪ್‌ನ ಹೆಸರನ್ನೇ ಪರೀಕ್ಷಿಸಬಹುದು. ಅದು ಕಕಾರದ ಸಿಡಿತದಿಂದ ಶುರುವಾಗಿ ಪಕಾರದಲ್ಲಿ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಆದರೆ 'ಕಮ್ ಬೈ' ಕೂಡ ಕಕಾರದಿಂದಲೇ ಆರಂಭವಾಗುತ್ತದೆ. ಹಾಗಿದ್ದೂ ಎರಡೂ ಬೆರೆಯುವುದಿಲ್ಲ, ಏಕೆಂದರೆ ಹೆಸರಿನ ಸ್ವರ ಬೇರೆ, ಅದು ಮುಗಿಯುವ ಬಗೆ ಬೇರೆ. ಆಜ್ಞೆಯಾದರೋ ಎರಡು ಉಚ್ಚಾರಾಂಶಗಳಾಗಿ ಎಳೆದುಕೊಂಡು ಹೋಗುತ್ತದೆ. ಮೊದಲ ಅಕ್ಷರದ ಚೂಪು ನಾಯಿಯ ತಲೆಯನ್ನು ಇತ್ತ ತಿರುಗಿಸುತ್ತದೆ, ಅಷ್ಟೇ. ಹೆಸರನ್ನು ಆಜ್ಞೆಯಿಂದ ಬೇರ್ಪಡಿಸುವ ಕೆಲಸದ ಬಹುಪಾಲು ಸ್ವರದ್ದು, ಅದರ ಅಳತೆಯದ್ದು. ಬುಡಾಪೆಸ್ಟಿನ ಸಂಶೋಧಕರು 2020ರಲ್ಲಿ ನಾಯಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗ, ಪರಿಚಿತ ಆಜ್ಞೆಯನ್ನೂ ಒಂದೇ ಧ್ವನಿಯಷ್ಟು ಬದಲಾದ ಅರ್ಥಹೀನ ಪದವನ್ನೂ ಅವು ಬೇರೆಬೇರೆಯಾಗಿ ಗ್ರಹಿಸಿದ ಗುರುತು ಕಾಣಲಿಲ್ಲ. ಆದ್ದರಿಂದ ಒಂದಕ್ಷರದ ವ್ಯತ್ಯಾಸವನ್ನು ನೆಚ್ಚಿಕೊಂಡು ಹೆಸರಿಡುವುದು ಅಪಾಯ.

'ಸ್ಕೈ' ಎಂದು ಹೆಸರಿಟ್ಟರೆ ಏನಾದೀತು? ಮನೆಯಂಗಳದಲ್ಲಿ ಅದರ ಸಕಾರ ಚೂಪಾಗಿಯೇ ಕೇಳುತ್ತದೆ. ಆದರೆ ಊಷ್ಮ ವ್ಯಂಜನಗಳ ಶಕ್ತಿ ಇರುವುದು ಹೆಚ್ಚಿನ ಆವರ್ತನದಲ್ಲಿ. ದೂರ ಹೆಚ್ಚಿದಂತೆ ಗಾಳಿ ಮೊದಲು ಹೀರಿಕೊಳ್ಳುವುದು ಆ ಭಾಗವನ್ನೇ. ಗುಡ್ಡದಾಚೆಗೆ ತಲುಪುವುದು 'ಐ' ಎಂಬ ಸ್ವರ, ಅದು 'ಬೈ'ಯಲ್ಲೂ ಇದೆ. ಹೆಸರು ಕೂಗಿದೊಡನೆ ನಾಯಿ ಎಡಕ್ಕೆ ವಾಲಿದರೆ ಗೊಂದಲ ಆಗಿದೆ ಎಂದೇ ಅರ್ಥ. ನಾಯಿಯನ್ನು ಮಲಗಿಸಿ, ಕೂಗುವ ಧಾಟಿಯಲ್ಲೇ ಹೆಸರನ್ನಷ್ಟೇ ಕರೆದು ಇದನ್ನು ಪರೀಕ್ಷಿಸಬಹುದು: ಅದು ಬರೀ ನೋಡಬೇಕು, ಏಳಬಾರದು.

ಅಂಧರ ಮಾರ್ಗದರ್ಶಿ ನಾಯಿಯ ಸ್ಥಿತಿ ಬೇರೆ. ಅದು ಯಜಮಾನನ ಪಕ್ಕದಲ್ಲೇ ನಡೆಯುವುದರಿಂದ ಸಕಾರ ಅಲ್ಲಿ ಕಳೆದುಹೋಗದು. ಅಲ್ಲಿನ ತೊಡಕು ಪ್ರಾಸದ್ದು: 'ಬೋ' ಎಂಬ ಹೆಸರು 'ನೋ'ಗೆ, 'ರೇ' ಎಂಬುದು 'ಸ್ಟೇ'ಗೆ ತೀರ ಹತ್ತಿರ. ಕರೆದಾಗಲೆಲ್ಲ ಗದರಿಸಿದಂತೆ ಕೇಳುವ ಹೆಸರು ನಾಯಿಗೆ ಅನ್ಯಾಯವೇ ಸರಿ.

ಇಂಥ ಹೆಸರು ಈಗಾಗಲೇ ಅಂಟಿದ್ದರೆ ಆಜ್ಞೆಗಳನ್ನು ಮುಟ್ಟದೆ ಹೆಸರನ್ನು ಬದಲಿಸುವುದೇ ಸುಲಭ. ಬೆಳೆದ ನಾಯಿಯೂ ಹೊಸ ಹೆಸರಿಗೆ ಒಗ್ಗುತ್ತದೆ. 1928ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತರಬೇತಿ ಪಡೆದ 'ಕಿಸ್' ಎಂಬ ಜರ್ಮನ್ ಷೆಪರ್ಡ್ ಹೆಣ್ಣುನಾಯಿಗೆ ಅಮೆರಿಕದ ಅಂಧ ಮಾರಿಸ್ ಫ್ರಾಂಕ್ 'ಬಡ್ಡಿ' ಎಂದು ಮರುನಾಮಕರಣ ಮಾಡಿದ. ಕಾರಣ ಧ್ವನಿಯಲ್ಲ, ನಾಲ್ಕು ಜನರೆದುರು ಆ ಹೆಸರು ಕೂಗಲು ಅವನಿಗಿದ್ದ ಸಂಕೋಚ. ಬಡ್ಡಿ ಹೊಸ ಹೆಸರಿಗೆ ಓಗೊಟ್ಟು ನ್ಯೂಯಾರ್ಕಿನ ವಾಹನಗಳ ದಟ್ಟಣೆಯ ನಡುವೆ ಅವನನ್ನು ರಸ್ತೆ ದಾಟಿಸಿತು.