ಅಭಿಜಿತ್ ಮುಹೂರ್ತ (ಬೆಂಗಳೂರು ದಂಡು ಮತ್ತು ಪೂರ್ವಭಾಗ)

ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹದಿನೈದು ಸಮಭಾಗ ಮಾಡಿದಾಗ ನಟ್ಟನಡುವೆ ಬರುವ ಎಂಟನೆಯ ಭಾಗವೇ ಅಭಿಜಿತ್ ಮುಹೂರ್ತ. ಬೇರೆ ಮುಹೂರ್ತ ಕೂಡಿಬರದಾಗ ಶುಭಕಾರ್ಯಕ್ಕೆ ಇದನ್ನು ಹಿಡಿಯುವುದು ರೂಢಿ. ಶ್ರಾದ್ಧಕ್ಕೆ ಹೇಳಿರುವ ಕುತಪಕಾಲವೂ ಈ ಎಂಟನೆಯ ಮುಹೂರ್ತವೇ.

ಹಗಲು ಸರಿಯಾಗಿ ಹನ್ನೆರಡು ಗಂಟೆಯಿದ್ದರೆ ಮುಹೂರ್ತ 48 ನಿಮಿಷದ್ದಾಗುತ್ತದೆ. ಇದರಿಂದಲೇ 11:36ರಿಂದ 12:24 ಎಂಬ ಸಿದ್ಧ ಉತ್ತರ ಬಾಯಿಪಾಠವಾಗಿದೆ. ಆದರೆ ನಡುಹಗಲು ಗಡಿಯಾರದ ಹನ್ನೆರಡಕ್ಕೇ ಬರಬೇಕೆಂದಿಲ್ಲ. ಭಾರತೀಯ ಪ್ರಮಾಣಕಾಲ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಹಲಸೂರು ಇರುವುದು ಸುಮಾರು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ನಡುಹಗಲು ಸರಾಸರಿ 12:20ಕ್ಕೆ ಬರುತ್ತದೆ. ಭೂಮಿಯ ಓರೆ ಅಕ್ಷ ಮತ್ತು ದೀರ್ಘವೃತ್ತದ ಪಥದಿಂದಾಗಿ ಅದೂ ವರ್ಷವಿಡೀ ಹಿಂದುಮುಂದಾಗುತ್ತದೆ.

ಹಲಸೂರಿನಲ್ಲಿ ಫೆಬ್ರವರಿ 11ರ ಸುಮಾರಿಗೆ ಸೂರ್ಯೋದಯ ಬೆಳಿಗ್ಗೆ 6:44, ಸೂರ್ಯಾಸ್ತ ಸಂಜೆ 6:24. ಹಗಲು 700 ನಿಮಿಷ. ಅದರ ಹದಿನೈದನೇ ಒಂದು ಪಾಲು 46 ನಿಮಿಷ 40 ಸೆಕೆಂಡು. ನಡುಹಗಲು 12:34. ಅದರ ಆಚೆ ಈಚೆ ಅರ್ಧರ್ಧ ಮುಹೂರ್ತ ಇಟ್ಟರೆ ಅಭಿಜಿತ್ ಸುಮಾರು 12:11ರಿಂದ 12:57. ನವೆಂಬರ್ 3ರ ಸುಮಾರಿಗೆ ಉದಯ 6:14, ಅಸ್ತ 5:52. ಹಗಲು ಹೆಚ್ಚುಕಡಿಮೆ ಅಷ್ಟೇ ಉದ್ದ, ಆದರೆ ನಡುಹಗಲು 12:03, ಅಭಿಜಿತ್ 11:40ರಿಂದ 12:26. ಬಾಯಿಪಾಠದ ಹೊತ್ತು ನವೆಂಬರಿನಲ್ಲಿ ಬಹುಪಾಲು ಒಪ್ಪುತ್ತದೆ. ಫೆಬ್ರವರಿಯಲ್ಲಿ ಹಾಗೆ ನಂಬಿ 11:45ಕ್ಕೆ ಪೂಜೆಗೆ ಕೂತವರು ಅಭಿಜಿತ್ ಹುಟ್ಟುವ ಮೊದಲೇ ಕೂತಂತೆ.

ಶಿವಾಜಿನಗರಕ್ಕೂ ಕೆ.ಆರ್. ಪುರಕ್ಕೂ ರೇಖಾಂಶದ ಅಂತರ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು, ಪೂರ್ವದ ಕೆ.ಆರ್. ಪುರದಲ್ಲಿ ನಡುಹಗಲು 24 ಸೆಕೆಂಡಿನಷ್ಟು ಮುಂಚೆ, ಅಷ್ಟೆ. ಇಂದಿರಾನಗರಕ್ಕೆ ಬೇರೆ ಲೆಕ್ಕ ಬೇಡ. ಮಂಗಳೂರಿನ ಲೆಕ್ಕವನ್ನು ಇಲ್ಲಿಗೆ ತಂದರೆ ಮಾತ್ರ ಹನ್ನೊಂದು ನಿಮಿಷ ತಪ್ಪುತ್ತದೆ.

ಎರಡು ಪಂಚಾಂಗಗಳ ಉದಯಕಾಲ ಮೂರು ನಿಮಿಷ ಬೇರೆಯಿದ್ದರೆ ಗಾಬರಿಯಾಗಬೇಕಿಲ್ಲ. ಒಂದು ಬಿಂಬದ ಮೇಲಂಚು ಕಾಣುವುದನ್ನು, ಇನ್ನೊಂದು ಬಿಂಬದ ನಡುವನ್ನು ಉದಯವೆಂದು ಹಿಡಿದಿರಬಹುದು. ಉದಯ ಎಷ್ಟು ಮುಂಚೆಯೋ ಅಸ್ತ ಅಷ್ಟೇ ತಡವಾಗುವುದರಿಂದ ನಡುಹಗಲು ಕದಲುವುದಿಲ್ಲ. ಮುಹೂರ್ತದ ಉದ್ದ ಅರ್ಧ ನಿಮಿಷ ಬದಲಾಗುತ್ತದೆ. ಒಂದರ ಉದಯ, ಇನ್ನೊಂದರ ಅಸ್ತ ಬೆರೆಸುವುದೇ ನಿಜವಾದ ತಪ್ಪು.

ಬುಧವಾರ ಅಭಿಜಿತ್ ವರ್ಜ್ಯವೆನ್ನುತ್ತಾರೆ. ಹಗಲನ್ನು ಎಂಟು ಪಾಲು ಮಾಡಿದರೆ ಬುಧವಾರದ ರಾಹುಕಾಲ ಐದನೆಯದು; ಅದು ನಡುಹಗಲಿಗೇ ಆರಂಭವಾಗಿ ಅಭಿಜಿತ್ತಿನ ಉತ್ತರಾರ್ಧವನ್ನು ಆವರಿಸುತ್ತದೆ. ಶುಕ್ರವಾರದ ರಾಹುಕಾಲ ನಾಲ್ಕನೆಯದು, ನಡುಹಗಲಿಗೆ ಮುಗಿಯುತ್ತದೆ. ರಾಹುಕಾಲವನ್ನೂ ಪಾಲಿಸುವವರಿಗೆ ಶುಕ್ರವಾರ ನಡುಹಗಲಿನ ನಂತರದ ಅರ್ಧ ಮುಹೂರ್ತ ಮಾತ್ರ ಉಳಿಯುತ್ತದೆ.