ಚುಕ್ಕೆ, ವಿರಾಮ ಇಲ್ಲದೆ ಬಂದ ಬರಹವನ್ನು ಸರಿಪಡಿಸುವ ಬಗೆ

ಹೊಸೂರು, ಕೆಲಮಂಗಲ, ತಳಿ ಕಡೆಯ ಹಲವು ಮನೆಗಳಲ್ಲಿ ಮಾತು ಕನ್ನಡ, ಶಾಲೆಯ ಓದು ತಮಿಳು. ಕನ್ನಡದಲ್ಲಿ ಟೈಪ್ ಮಾಡಿ ರೂಢಿಯಿಲ್ಲದವರು ಫೋನಿಗೆ ಹೇಳಿ ಬರೆಸುತ್ತಾರೆ. ಫೋನು ಪದಗಳನ್ನು ಬರೆದುಕೊಡುತ್ತದೆ, ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅನೇಕ ಸಲ ಬಿಟ್ಟುಬಿಡುತ್ತದೆ. ಹಾಗೆ ಬಂದ ಬರಹದ ಕೊನೆಗೆ ‘ಫಿಕ್ಸ್’ ಎಂಬ ಒಂದೇ ಮಾತು ಇರುತ್ತದೆ. ಪ್ರಕಟಣೆಗಳನ್ನು ಸಿದ್ಧಪಡಿಸುವ ಸದಸ್ಯರ ಉಪಯೋಗಕ್ಕಾಗಿ ಈ ಕೆಲಸದ ಕ್ರಮವನ್ನು ಇಲ್ಲಿ ಕೊಟ್ಟಿದೆ.

‘ಫಿಕ್ಸ್’ ಎಂದರೆ ಬರಹವನ್ನು ಚೆಂದ ಮಾಡಿ ಎಂದಲ್ಲ. ಚುಕ್ಕೆ, ಅಲ್ಪವಿರಾಮ, ಪ್ಯಾರಾ ಸೇರಿಸಬಹುದು. ಪದ ಸೇರಿಸುವುದು, ತೆಗೆಯುವುದು, ಬದಲಿಸುವುದು ಆಗದು. ‘ಬರೋರು’ ಎಂದು ಬಂದದ್ದನ್ನು ‘ಬರುವವರು’ ಎಂದು ತಿದ್ದಬೇಕಾಗಿಲ್ಲ. ಅದು ಬರೆದವರ ಮಾತು, ನಮ್ಮ ಕಡೆಯ ಮಾತು.

ಉದಾಹರಣೆಗಾಗಿ ರಚಿಸಿದ ಈ ಪ್ರಕಟಣೆಯನ್ನು ನೋಡಿ. ಇದರಲ್ಲಿ 52 ಪದಗಳಿವೆ.

ಎಲ್ಲರಿಗೂ ನಮಸ್ಕಾರ ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳ ಚಿತ್ರಕಲೆ ಸ್ಪರ್ಧೆ ಇದೆ ಬಾಗಿಲ ಹತ್ತಿರ ಹೆಸರು ಬರೆಸಿ ಒಳಗೆ ಬನ್ನಿ ಕಾಗದ ನಾವು ಕೊಡುತ್ತೇವೆ ಬಣ್ಣ ಪೆನ್ಸಿಲ್ ತರಬೇಕು ಮಳೆ ಆದರೆ ಸ್ಪರ್ಧೆ ಮೇಲಿನ ಹಾಲ್‌ನಲ್ಲಿ ನಡೆಯುತ್ತದೆ ಸಂಜೆ ಬಹುಮಾನ ಕೊಡುವವರು ಮುನಿರಾಜು ಎಂ ಗೋಪಾಲ ಕೆ ವೆಂಕಟೇಶ ಹೋದ ವರ್ಷ ಗೆದ್ದ ಮಕ್ಕಳು ಬರಬಾರದು ಅಂತ ಏನಿಲ್ಲ ಬರಬಹುದು ತಳಿ ಕಡೆಯಿಂದ ಬರೋರು ಬೇಗ ಹೊರಡಿ ಬಸ್ಸು ಕಮ್ಮಿ

ಮೊದಲು ಕ್ರಿಯಾಪದ ಹುಡುಕಿ

ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಆದ್ದರಿಂದ ಮೊದಲ ಓದಿನಲ್ಲಿ ‘ಇದೆ’, ‘ಬನ್ನಿ’, ‘ಕೊಡುತ್ತೇವೆ’, ‘ತರಬೇಕು’, ‘ನಡೆಯುತ್ತದೆ’, ‘ಬರಬಹುದು’, ‘ಹೊರಡಿ’ ಇಂಥವುಗಳ ಕೆಳಗೆ ಗೆರೆ ಎಳೆದುಕೊಳ್ಳಿ. ವಾಕ್ಯ ನಿಲ್ಲುವ ಜಾಗಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸಿಗುತ್ತವೆ. ಕ್ರಿಯಾಪದದಂತೆ ಕಂಡರೂ ವಾಕ್ಯವನ್ನು ಮುಗಿಸದ ಪದಗಳೂ ಇರುತ್ತವೆ. ತಪ್ಪುಗಳು ಹೆಚ್ಚಾಗಿ ಆಗುವುದು ಅಲ್ಲೇ.

‘ವೆಂಕಟೇಶ ಹೋದ’ ಎಂಬಲ್ಲಿ ಚುಕ್ಕೆ ಇಟ್ಟರೆ ಬಹುಮಾನ ಕೊಡಬೇಕಾದವರು ಹೊರಟುಹೋದಂತಾಗುತ್ತದೆ. ‘ಹೋದ’, ‘ಬಂದ’, ‘ಗೆದ್ದ’ ಇವು ವಾಕ್ಯದ ಕೊನೆಯೂ ಆಗಬಹುದು, ಮುಂದಿನ ನಾಮಪದಕ್ಕೆ ವಿಶೇಷಣವೂ ಆಗಬಹುದು. ಮುಂದಿನ ಪದದೊಡನೆ ಸೇರಿಸಿ ಓದಿದರೆ ತಿಳಿಯುತ್ತದೆ: ‘ಹೋದ ವರ್ಷ’, ‘ಗೆದ್ದ ಮಕ್ಕಳು’. ಇಲ್ಲಿ ಚುಕ್ಕೆಗೆ ಜಾಗವಿಲ್ಲ.

‘ಬರೆಸಿ’ ಎಂಬುದಕ್ಕೂ ಎರಡು ಮುಖ. ‘ಹೆಸರು ಬರೆಸಿ’ ಎಂಬ ವಿನಂತಿಯೂ ಆಗಬಹುದು, ‘ಬರೆಸಿದ ಮೇಲೆ’ ಎಂಬ ಅರ್ಥವೂ ಆಗಬಹುದು. ಚುಕ್ಕೆ ಇಟ್ಟರೆ ಎರಡು ಬೇರೆ ವಿನಂತಿಗಳಾಗುತ್ತವೆ. ಇಡದಿದ್ದರೆ ಮೊದಲು ಹೆಸರು, ಆಮೇಲೆ ಒಳಗೆ ಎಂಬ ಕ್ರಮ ಉಳಿಯುತ್ತದೆ. ಹೇಳಿದವರ ಕ್ರಮ ಕೆಡದಿರಲು ಇಂಥ ಕಡೆ ಏನನ್ನೂ ಇಡದೆ ಬಿಡುವುದೇ ಒಳ್ಳೆಯದು.

‘ಆದರೆ’ ಬಂದಾಗ ಅದರ ಹಿಂದಿನ ಪದ ನೋಡಿ. ಹಿಂದೆ ‘ಇದೆ’, ‘ಬರುತ್ತಾರೆ’ಯಂಥ ಪೂರ್ಣ ಕ್ರಿಯಾಪದವಿದ್ದರೆ ಅದು ‘ಆದಾಗ್ಯೂ’ ಎಂಬ ಅರ್ಥದ್ದು. ಅದಕ್ಕೆ ಮುಂಚೆ ವಿರಾಮ ಬೇಕು. ‘ಮಳೆ’ಯಂಥ ನಾಮಪದವಿದ್ದರೆ ಅದು ‘ಆದ ಪಕ್ಷದಲ್ಲಿ’ ಎಂಬ ಅರ್ಥದ್ದು, ಎರಡನ್ನೂ ಬಿಡಿಸಬಾರದು.

ಅರ್ಥವೇ ತಿರುಗುವ ಜಾಗ

‘ಗೆದ್ದ ಮಕ್ಕಳು ಬರಬಾರದು’ ಎಂದು ಅಲ್ಲಿಗೇ ಚುಕ್ಕೆ ಇಟ್ಟರೆ ಹೋದ ವರ್ಷ ಗೆದ್ದ ಮಕ್ಕಳಿಗೆ ಬಾಗಿಲು ಹಾಕಿದಂತೆ. ಹೇಳಿದವರ ಮಾತು ಇದಕ್ಕೆ ಪೂರ್ತಿ ವಿರುದ್ಧ. ಹಿಂದಿನ ಮಾತನ್ನು ಉದ್ಧರಿಸುವ ‘ಅಂತ’, ‘ಎಂದು’, ‘ಎಂಬ’ ಹೊಸ ವಾಕ್ಯವನ್ನು ಆರಂಭಿಸುವುದಿಲ್ಲ. ತಮ್ಮ ಹಿಂದಿನ ಇಡೀ ಮಾತನ್ನು ಹಿಡಿದುಕೊಂಡು ಬರುತ್ತವೆ. ಚುಕ್ಕೆ ಇಟ್ಟ ಮೇಲೆ ಮುಂದಿನ ವಾಕ್ಯ ‘ಅಂತ’ದಿಂದ ಶುರುವಾಗಿದ್ದರೆ ಚುಕ್ಕೆ ತಪ್ಪು ಜಾಗದಲ್ಲಿದೆ ಎಂದೇ ತಿಳಿಯಿರಿ.

ಕೇಳಿಯೇ ತೀರಬೇಕಾದವು

ವ್ಯಾಕರಣದಿಂದ ಬಗೆಹರಿಯದ ಜಾಗಗಳು ಈ ಪ್ರಕಟಣೆಯಲ್ಲಿ ಮೂರು ಇವೆ.

‘ಬಣ್ಣ ಪೆನ್ಸಿಲ್’ ಒಂದು ವಸ್ತುವೋ, ಎರಡೋ? ಅಲ್ಪವಿರಾಮ ಇಟ್ಟರೆ ಮಕ್ಕಳು ಎರಡನ್ನೂ ತರುತ್ತಾರೆ, ಇಡದಿದ್ದರೆ ಒಂದನ್ನೇ ತರುತ್ತಾರೆ.

‘ಸಂಜೆ’ ಯಾವುದಕ್ಕೆ ಸೇರಿದ್ದು? ಬರಹದ ರೂಢಿಯಂತೆ ಅದು ಬಹುಮಾನಕ್ಕೆ ಸೇರಬೇಕು. ಆದರೆ ಬಾಯಿಮಾತಿನಲ್ಲಿ ‘ನಡೆಯುತ್ತದೆ ಸಂಜೆ’ ಎಂದೂ ಹೇಳುತ್ತಾರೆ. ಹಾಗಾದರೆ ಮಳೆ ಬಂದ ದಿನ ಸ್ಪರ್ಧೆಯ ಹೊತ್ತೇ ಬದಲಾಗುತ್ತದೆ.

ಮೂರನೆಯದು ಹೆಸರುಗಳು. ತಮಿಳುನಾಡಿನ ರೂಢಿಯಲ್ಲಿ ಇನಿಶಿಯಲ್ ಹೆಸರಿನ ಮುಂಚೆ ಬರುತ್ತದೆ. ಬೆಂಗಳೂರಿನ ಕಡೆ ಹಿಂದೆ ಬರೆಯುವವರೂ ಬಹಳ. ಹೊಸೂರಿನಲ್ಲಿ ಎರಡೂ ಸಿಗುತ್ತವೆ. ಹಾಗಾಗಿ ಇವರು ಮುನಿರಾಜು, ಎಂ. ಗೋಪಾಲ, ಕೆ. ವೆಂಕಟೇಶ ಆಗಿರಬಹುದು, ಮುನಿರಾಜು ಎಂ., ಗೋಪಾಲ ಕೆ., ವೆಂಕಟೇಶ ಕೂಡ ಆಗಿರಬಹುದು.

ಕಳುಹಿಸಿದವರಿಗೆ ಮೂರನ್ನೂ ಒಂದೇ ಸಲ, ಉತ್ತರಿಸಲು ಸುಲಭವಾಗುವಂತೆ ಕೇಳಿ: ‘ಬಣ್ಣ ಬೇರೆ, ಪೆನ್ಸಿಲ್ ಬೇರೆಯೇ? ಸಂಜೆ ಇರುವುದು ಬಹುಮಾನವೇ? ಎಂ ಯಾರ ಇನಿಶಿಯಲ್, ಕೆ ಯಾರದು?’ ಉತ್ತರ ಬರುವ ಮುಂಚೆ ಪ್ರಕಟಿಸಲೇಬೇಕಾದರೆ ಆ ಜಾಗವನ್ನು ಬಂದಂತೆಯೇ ಬಿಡಿ. ಪದಗಳ ನಡುವೆ ಜಾಗವಿಲ್ಲದ ಓಲೆಗರಿಗಳನ್ನು ಸಂಪಾದಿಸುವವರಲ್ಲೂ ಕೆಲವರು ತಮ್ಮ ಊಹೆಯನ್ನು ಮೂಲದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ತೋರಿಸುತ್ತಾರೆ.

ಪ್ಯಾರಾ ಕೊನೆಗೆ

ವಾಕ್ಯಗಳು ಬಿಡಿಯಾದ ಮೇಲೆ ಪ್ಯಾರಾ ಮಾಡಿ. ವಿಷಯ ಬದಲಾದಲ್ಲಿ ಸಾಲು ಬಿಡಿ. ವಾಕ್ಯಗಳ ಸ್ಥಾನ ಬದಲಿಸಬೇಡಿ. ಬಣ್ಣ, ಪೆನ್ಸಿಲ್ ಎರಡೂ ಬೇಕು, ಬಹುಮಾನ ಸಂಜೆ, ಇನಿಶಿಯಲ್ ಹೆಸರಿಗೆ ಮುಂಚೆ ಎಂದು ಉತ್ತರ ಬಂದರೆ ಪ್ರಕಟಣೆ ಹೀಗಾಗುತ್ತದೆ:

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳ ಚಿತ್ರಕಲೆ ಸ್ಪರ್ಧೆ ಇದೆ. ಬಾಗಿಲ ಹತ್ತಿರ ಹೆಸರು ಬರೆಸಿ ಒಳಗೆ ಬನ್ನಿ. ಕಾಗದ ನಾವು ಕೊಡುತ್ತೇವೆ. ಬಣ್ಣ, ಪೆನ್ಸಿಲ್ ತರಬೇಕು. ಮಳೆ ಆದರೆ ಸ್ಪರ್ಧೆ ಮೇಲಿನ ಹಾಲ್‌ನಲ್ಲಿ ನಡೆಯುತ್ತದೆ.

ಸಂಜೆ ಬಹುಮಾನ ಕೊಡುವವರು: ಮುನಿರಾಜು, ಎಂ. ಗೋಪಾಲ, ಕೆ. ವೆಂಕಟೇಶ.

ಹೋದ ವರ್ಷ ಗೆದ್ದ ಮಕ್ಕಳು ಬರಬಾರದು ಅಂತ ಏನಿಲ್ಲ, ಬರಬಹುದು. ತಳಿ ಕಡೆಯಿಂದ ಬರೋರು ಬೇಗ ಹೊರಡಿ, ಬಸ್ಸು ಕಮ್ಮಿ.

ಕೊನೆಯ ತಾಳೆ

ಪದಗಳನ್ನು ಮತ್ತೆ ಎಣಿಸಿ. ಮೊದಲು 52 ಇದ್ದವು, ಈಗಲೂ 52 ಇರಬೇಕು. ಒಂದು ಹೆಚ್ಚಾಗಿದ್ದರೆ ‘ಮತ್ತು’, ‘ಹಾಗೂ’ ಎಲ್ಲೋ ನುಸುಳಿರುತ್ತದೆ. ಒಂದು ಕಡಿಮೆಯಾಗಿದ್ದರೆ ಎರಡು ಪದ ಕೂಡಿಕೊಂಡಿರುತ್ತವೆ ಅಥವಾ ಒಂದು ಬಿಟ್ಟುಹೋಗಿರುತ್ತದೆ. ಚಿಹ್ನೆಗೆ ಮುಂಚೆ ಜಾಗ ಬಿಡಬೇಡಿ, ಬಿಟ್ಟರೆ ಎಣಿಕೆ ತಪ್ಪುತ್ತದೆ. ಒಂದು ಪದ ಹೋಗಿ ಅದರ ಬದಲು ಇನ್ನೊಂದು ಬಂದಿದ್ದರೆ ಎಣಿಕೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕಾಗಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ತಿದ್ದಿದ ಪ್ರತಿಯ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಲಿ. ಬಂದ ಮೂಲ ಸಂದೇಶವನ್ನು ಕಾರ್ಯಕ್ರಮ ಮುಗಿಯುವ ತನಕ ಅಳಿಸದೆ ಇಟ್ಟುಕೊಳ್ಳಿ.